ನಷ್ಟದ ಕಂಪನಿ ಕೊಂಡರೆ ಅದರ ಹಳೆಯ ನಷ್ಟಕ್ಕೆ ಎಷ್ಟು ಬೆಲೆ?

ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ಷೇರುಪೇಟೆಯಲ್ಲಿ ಇಲ್ಲದ, ಒಂದೇ ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿ. ಕೆಲವು ವರ್ಷ ಸತತವಾಗಿ ಕೈ ಸುಟ್ಟುಕೊಂಡಿದೆ. ಆದಾಯ ತೆರಿಗೆ ಲೆಕ್ಕದಲ್ಲಿ 40 ಕೋಟಿ ರೂಪಾಯಿ ವ್ಯಾಪಾರ ನಷ್ಟ ಉಳಿದಿದೆ. ಜೊತೆಗೆ ಸವಕಳಿ, ಅಂದರೆ ಯಂತ್ರ, ಕಟ್ಟಡ ಸವೆದದ್ದಕ್ಕೆ ತೆರಿಗೆ ಲೆಕ್ಕದಲ್ಲಿ ಸಿಗುವ ಕಡಿತ. ಲಾಭ ಇಲ್ಲದ ಕಾರಣ ಕಳೆದುಕೊಳ್ಳಲು ಆಗದೇ ಅದರಲ್ಲಿ ಉಳಿದದ್ದು 30 ಕೋಟಿ. ಈಗ ಮಾಲೀಕರು ಮಾರಲು ಹೊರಟಿದ್ದಾರೆ.

ಅವರ ಲೆಕ್ಕ ಸರಳವಾಗಿದೆ. ಒಟ್ಟು 70 ಕೋಟಿ. ಕಡಿಮೆ ದರದ ತೆರಿಗೆ ಆರಿಸಿಕೊಂಡ ಕಂಪನಿ ಸರ್‌ಚಾರ್ಜ್, ಸೆಸ್ ಸೇರಿ ಕಟ್ಟುವುದು 25.168%. ಅಂದರೆ ಈ ನಷ್ಟದಿಂದ ಕೊಳ್ಳುವವರಿಗೆ 17.6 ಕೋಟಿ ತೆರಿಗೆ ಉಳಿಯುತ್ತದೆ. ಹಾಗಾದರೆ ಕಟ್ಟಡ, ಯಂತ್ರದ ಬೆಲೆಯ ಮೇಲೆ 17.6 ಕೋಟಿ ಕೊಡಿ.

ಇಂಥ ಮಾತುಕತೆಗಳು ಹೆಚ್ಚಾಗಿ ಮುರಿದು ಬೀಳುವುದು ಇಲ್ಲೇ. ಮಾರುವವರಿಗೆ ಇದು ನ್ಯಾಯವಾದ ಬೇಡಿಕೆ. ಕೊಳ್ಳುವವರ ಸಿಎ ಹೇಳುವ ಅಂಕಿ ಅದರ ಕಾಲು ಭಾಗ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವಿನ ಅಂತರ ಹುಟ್ಟಿದ್ದು ಕಾನೂನು ಬೆಳೆದು ಬಂದ ದಾರಿಯಲ್ಲಿ.

ನಮ್ಮ ತೆರಿಗೆ ಕಾನೂನಿನ ಮೂಲ ನಿಯಮ ಒಂದೇ: ನಷ್ಟ ಪಟ್ಟವರೇ ಅದನ್ನು ಮುಂದಿನ ಲಾಭದಲ್ಲಿ ಕಳೆದುಕೊಳ್ಳಬೇಕು. ವ್ಯಾಪಾರ ನಷ್ಟಕ್ಕೆ ಅದರ ಅವಧಿ 8 ವರ್ಷ. ಕಂಪನಿ ಇನ್ನೊಂದರಲ್ಲಿ ವಿಲೀನವಾದರೆ ನಷ್ಟ ಪಟ್ಟವರೇ ಇಲ್ಲವಾದರು, ನಷ್ಟವೂ ಹೋಯಿತು. ರೋಗಗ್ರಸ್ತ ಕಾರ್ಖಾನೆಗಳನ್ನು ಗಟ್ಟಿ ಕಂಪನಿಗಳು ಕೈಗೆತ್ತಿಕೊಳ್ಳಲಿ ಎಂದು 1961ರ ಆದಾಯ ತೆರಿಗೆ ಕಾಯ್ದೆಗೆ 1977ರಲ್ಲಿ ಸೆಕ್ಷನ್ 72ಎ ಬಂತು. ವಿಲೀನವಾದ ಕಂಪನಿಯ ನಷ್ಟ ಕೊಂಡವರ ಲೆಕ್ಕಕ್ಕೆ ಬರಲು ಅದು ದಾರಿ ಮಾಡಿತು, ಆದರೆ ಸರ್ಕಾರದ ಒಪ್ಪಿಗೆ ಬೇಕಿತ್ತು. 1999ರ ಬಜೆಟ್ ಆ ಒಪ್ಪಿಗೆಯನ್ನು ತೆಗೆದು, ಅದರ ಜಾಗಕ್ಕೆ ಷರತ್ತುಗಳನ್ನು ತಂದಿತು.

ಆ ಷರತ್ತುಗಳ ಕಾಲವೇ ಇವತ್ತಿನ ಬೆಲೆಯನ್ನು ನಿರ್ಧರಿಸುತ್ತಿರುವುದು. ಹಾಗಾಗಿ ಅಲ್ಲಿ ಸ್ವಲ್ಪ ನಿಲ್ಲೋಣ.

ಕೊಳ್ಳುವವರ ಮುಂದೆ ಎರಡು ದಾರಿ ಇರುತ್ತದೆ. ಮೊದಲನೆಯದು ದುಡ್ಡು ಕೊಟ್ಟು ಷೇರು ಕೊಳ್ಳುವುದು. ಇಲ್ಲಿ 1961ರ ಕಾಯ್ದೆಯ ಸೆಕ್ಷನ್ 79ರ ನಿಯಮ ಅಡ್ಡ ಬರುತ್ತದೆ. ಷೇರುಪೇಟೆಯಲ್ಲಿ ಇಲ್ಲದ ಕಂಪನಿಯಲ್ಲಿ, ನಷ್ಟವಾದ ವರ್ಷದ ಕೊನೆಗೆ ಯಾರ ಕೈಯಲ್ಲಿ ಷೇರು ಇತ್ತೋ, ಅವರ ಕೈಯಲ್ಲೇ ಕನಿಷ್ಠ 51% ಮತದ ಹಕ್ಕು ಮುಂದೆಯೂ ಇರಬೇಕು. ಇಲ್ಲದಿದ್ದರೆ ಆ ನಷ್ಟ ಸತ್ತಂತೆ. ನಮ್ಮ ಉದಾಹರಣೆಯಲ್ಲಿ ಪೂರ್ತಿ ಷೇರು ಕೈ ಬದಲಾದ ದಿನವೇ 40 ಕೋಟಿ ಮಾಯವಾಗುತ್ತದೆ.

ಸವಕಳಿಯ 30 ಕೋಟಿ ಮಾತ್ರ ಉಳಿಯುತ್ತದೆ. ಉಳಿದ ಸವಕಳಿಗೆ ಸೆಕ್ಷನ್ 79 ತಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅದಕ್ಕೆ 8 ವರ್ಷದ ಗಡುವೂ ಇಲ್ಲ. ಆದರೆ ಅದು ಆ ಕಂಪನಿಯೊಳಗೇ ಉಳಿಯುತ್ತದೆ. ಕೊಂಡವರ ಬೇರೆ ಕಂಪನಿಯ ಲಾಭದಲ್ಲಿ ಅದನ್ನು ಕಳೆಯಲು ಬರುವುದಿಲ್ಲ.

ಈಗ ಲೆಕ್ಕ ನೋಡಿ. ಕಾರ್ಖಾನೆ ಚೇತರಿಸಿಕೊಂಡು ವರ್ಷಕ್ಕೆ 5 ಕೋಟಿ ಲಾಭ ಮಾಡುತ್ತದೆ ಎಂದಿಟ್ಟುಕೊಳ್ಳೋಣ. 30 ಕೋಟಿ ಕರಗಲು 6 ವರ್ಷ ಬೇಕು. ವರ್ಷಕ್ಕೆ ಉಳಿಯುವ ತೆರಿಗೆ ಸುಮಾರು 1.26 ಕೋಟಿ. ಆರು ವರ್ಷದ ಈ ಉಳಿತಾಯವನ್ನು 14% ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ಸಿಗುವುದು 4.9 ಕೋಟಿ. ಮೊದಲ ಎರಡು ವರ್ಷ ಲಾಭವೇ ಬರದಿದ್ದರೆ 3.8 ಕೋಟಿ. ನಷ್ಟದಲ್ಲಿದ್ದ ಕಾರ್ಖಾನೆ ಮೊದಲ ವರ್ಷವೇ ಲಾಭ ಮಾಡುವುದು ಅಪರೂಪ ಅಲ್ವಾ? ಹಾಗಾಗಿ ಎರಡನೇ ಅಂಕಿಯೇ ನಿಜಕ್ಕೆ ಹತ್ತಿರ.

ಈ ಸೆಕ್ಷನ್ 79ರ ಗೆರೆ ಎಲ್ಲಿದೆ ಎಂಬ ಜಗಳ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಆಮ್ಕೋ ಪವರ್ ಸಿಸ್ಟಮ್ಸ್ ಪ್ರಕರಣದಲ್ಲಿ ಮೂಲ ಕಂಪನಿ ತನ್ನ ಷೇರಿನ ಒಂದು ಪಾಲನ್ನು ತನ್ನದೇ ಅಂಗಸಂಸ್ಥೆಗೆ ಕೊಟ್ಟಿತ್ತು. ಆಮೇಲೆ ದೊಡ್ಡ ಪಾಲು ಹೊರಗಿನವರಿಗೆ ಹೋಗಿ, ಮೂಲ ಕಂಪನಿಯ ಹೆಸರಲ್ಲಿ ನೇರವಾಗಿ ಉಳಿದದ್ದು 6% ಮಾತ್ರ. ಅಂಗಸಂಸ್ಥೆಯ 45% ಸೇರಿಸಿದರೆ ಸರಿಯಾಗಿ 51%. ಹಿಡಿತ ಇನ್ನೂ ಮೂಲ ಕಂಪನಿಯದೇ, ನಷ್ಟ ಉಳಿಯುತ್ತದೆ ಎಂದು 2015ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಕೆಲವೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಯಮ್ ರೆಸ್ಟೋರೆಂಟ್ಸ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಒಂದೇ ಗುಂಪಿನ ಒಳಗೆ ಷೇರು ಸರಿದಾಡಿದರೂ ಒಡೆಯ ಬದಲಾದಂತೆಯೇ ಎಂದಿತು. ಒಂದೇ ನಿಯಮಕ್ಕೆ ಹೀಗೆ ಎರಡು ಅರ್ಥ ಬಂದಾಗ, ಕೊಳ್ಳುವವರು ತಮಗೆ ಕೆಟ್ಟದಾದ ಅರ್ಥವನ್ನು ಹಿಡಿದೇ ಬೆಲೆ ಕಟ್ಟುತ್ತಾರೆ.

ಎರಡನೇ ದಾರಿ ವಿಲೀನ. ಇಲ್ಲಿ 72ಎ ಕೈ ಹಿಡಿಯುತ್ತದೆ. ಕೊಳ್ಳುವ ಕಂಪನಿ ವರ್ಷಕ್ಕೆ 30 ಕೋಟಿ ಲಾಭ ಮಾಡುತ್ತಿದ್ದರೆ 70 ಕೋಟಿಯೂ ಮೂರೇ ವರ್ಷದಲ್ಲಿ ಕರಗುತ್ತದೆ. ಇವತ್ತಿನ ಬೆಲೆಗೆ ಇಳಿಸಿದರೂ 14.1 ಕೋಟಿ ಬರುತ್ತದೆ. ಅದೇ ಕಾರ್ಖಾನೆ, ಅದೇ ನಷ್ಟ. ಒಂದು ದಾರಿಯಲ್ಲಿ 3.8 ಕೋಟಿ, ಇನ್ನೊಂದರಲ್ಲಿ 14.1 ಕೋಟಿ. ನಷ್ಟದ ಬೆಲೆ ಮಾರುವವರ ಪುಸ್ತಕದಲ್ಲಿ ಇಲ್ಲ. ಕೊಳ್ಳುವವರ ಲಾಭದಲ್ಲಿದೆ.

ಆದರೆ ಆ 14.1 ಕೋಟಿ ಸುಮ್ನೆ ಸಿಗುವುದಿಲ್ಲ. ಮೊದಲನೆಯದಾಗಿ, ನಷ್ಟದ ಕಂಪನಿ ಉತ್ಪಾದನೆ, ಸಾಫ್ಟ್‌ವೇರ್, ವಿದ್ಯುತ್, ಗಣಿಗಾರಿಕೆಯಂಥ ಕೆಲಸದಲ್ಲಿರಬೇಕು. ಬರೀ ಅಂಗಡಿ ವ್ಯಾಪಾರದ ಕಂಪನಿಗೆ ಈ ಬಾಗಿಲು ತೆರೆಯುವುದಿಲ್ಲ. ಆ ವ್ಯಾಪಾರಕ್ಕೆ ಕನಿಷ್ಠ 3 ವರ್ಷ ಆಗಿರಬೇಕು. ಕೊಂಡವರು ಅದನ್ನು 5 ವರ್ಷ ನಡೆಸಬೇಕು, ಸ್ಥಿರಾಸ್ತಿಯ ಮುಕ್ಕಾಲು ಪಾಲನ್ನು ಅಷ್ಟು ಕಾಲ ಮಾರದೆ ಇಟ್ಟುಕೊಳ್ಳಬೇಕು. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ನಾಲ್ಕು ವರ್ಷದೊಳಗೆ ಕಾರ್ಖಾನೆಯ ಸಾಮರ್ಥ್ಯದ ಅರ್ಧದಷ್ಟಾದರೂ ಉತ್ಪಾದನೆ ಮುಟ್ಟಬೇಕು, ಐದನೇ ವರ್ಷದ ಕೊನೆವರೆಗೂ ಅದು ನಿಲ್ಲಬೇಕು. ತಪ್ಪಿದರೆ ಅಷ್ಟರವರೆಗೆ ಕಳೆದುಕೊಂಡ ನಷ್ಟವೆಲ್ಲ, ತಪ್ಪಿದ ವರ್ಷದ ಆದಾಯವಾಗಿ ವಾಪಸ್ ಬಂದು ಕೂರುತ್ತದೆ.

ಇನ್ನೊಂದು ತೊಡಕನ್ನು ಮಾರುವವರು ಕೊನೆಗೆ ತಿಳಿಯುತ್ತಾರೆ. ತೆರಿಗೆ ಕಾನೂನು ಒಪ್ಪುವ ವಿಲೀನದಲ್ಲಿ, ಬೆಲೆ ಲೆಕ್ಕದಲ್ಲಿ ಮುಕ್ಕಾಲು ಪಾಲು ಷೇರು ಹೊಂದಿದವರು ಹೊಸ ಕಂಪನಿಯ ಷೇರುದಾರರಾಗಬೇಕು. ಅಂದರೆ ಕೈಗೆ ಬರುವುದು ದುಡ್ಡಲ್ಲ, ಷೇರು. ನಷ್ಟದ ಬೆಲೆ ಸೇರುವುದು ಷೇರು ವಿನಿಮಯದ ಅನುಪಾತದಲ್ಲಿ. ಮಗಳ ಮದುವೆಗೋ ಸಾಲ ತೀರಿಸಲಿಕ್ಕೋ ನಗದು ಬೇಕಾದ ಕುಟುಂಬಕ್ಕೆ ಈ ದಾರಿ ಒಗ್ಗುವುದಿಲ್ಲ. ಮೊದಲು ದುಡ್ಡು ಕೊಟ್ಟು ಷೇರು ಕೊಂಡು, ಆಮೇಲೆ ವಿಲೀನ ಮಾಡೋಣ ಎಂದರೆ, ವಿಲೀನದ ಹೊತ್ತಿಗೆ 79ರ ಕೈಗೆ ಸಿಕ್ಕಿ ನಷ್ಟ ಉಳಿದಿದೆಯೇ ಎಂಬ ಪ್ರಶ್ನೆ ಏಳುತ್ತದೆ.

2025ರವರೆಗೆ ವಿಲೀನಕ್ಕೆ ಇನ್ನೊಂದು ಆಕರ್ಷಣೆ ಇತ್ತು. ಹಳೆಯ ನಷ್ಟವನ್ನು ಕಾನೂನು ವಿಲೀನವಾದ ವರ್ಷದ ಹೊಸ ನಷ್ಟ ಎಂದು ನೋಡುತ್ತಿತ್ತು. ಏಳನೇ ವರ್ಷದಲ್ಲಿದ್ದ ನಷ್ಟಕ್ಕೂ ಮತ್ತೆ 8 ವರ್ಷ ಆಯಸ್ಸು ಸಿಗುತ್ತಿತ್ತು. ಮತ್ತೊಮ್ಮೆ ವಿಲೀನವಾದರೆ ಮತ್ತೆ 8. ಹಾಗಾಗಿ ನಷ್ಟದ ವಯಸ್ಸನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. 2025ರ ಬಜೆಟ್ ಅದನ್ನು ನಿಲ್ಲಿಸಿತು. 2025ರ ಏಪ್ರಿಲ್ 1ರಿಂದ ಆಚೆಗಿನ ವಿಲೀನಗಳಲ್ಲಿ ನಷ್ಟದ ವಯಸ್ಸು ಅದು ಮೊದಲು ಹುಟ್ಟಿದ ದಿನದಿಂದಲೇ ಎಣಿಕೆ. ಸವಕಳಿಗೆ ಈ ಬದಲಾವಣೆ ಇಲ್ಲ.

ನಮ್ಮ 40 ಕೋಟಿಯಲ್ಲಿ 16 ಕೋಟಿ 2018-19ರದ್ದು ಎಂದಿಟ್ಟುಕೊಳ್ಳಿ. ಅದನ್ನು 2026-27ರ ಲಾಭದವರೆಗೆ ಮಾತ್ರ ಕಳೆಯಬಹುದು. ವಿಲೀನ ಜಾರಿಯಾಗುವ ದಿನ 2026ರ ಏಪ್ರಿಲ್ 1 ಆದರೆ ಸರಿ. ಮಾತುಕತೆ ಎಳೆದು 2027ರ ಏಪ್ರಿಲ್‌ಗೆ ಹೋದರೆ ಆ 16 ಕೋಟಿ ಇಲ್ಲ. ಕೊಳ್ಳುವವರ ಜೇಬಿನಿಂದ 4 ಕೋಟಿ ಹೋದಂತೆ. ಇದೇ ಕಾರಣಕ್ಕೆ ಈಗ ನಷ್ಟದ ಪಟ್ಟಿ ಕೇಳುವಾಗ ಒಟ್ಟು ಮೊತ್ತ ಸಾಲದು, ವರ್ಷವಾರು ಬೇಕು.

ಆ ಪಟ್ಟಿಯ ಪಕ್ಕದಲ್ಲಿ ರಿಟರ್ನ್ ಸಲ್ಲಿಸಿದ ದಿನಾಂಕವೂ ಇರಬೇಕು. ಗಡುವು ಮೀರಿ ರಿಟರ್ನ್ ಹಾಕಿದ ವರ್ಷದ ವ್ಯಾಪಾರ ನಷ್ಟ ಮುಂದಕ್ಕೆ ಹೋಗುವುದೇ ಇಲ್ಲ. ಕಷ್ಟದಲ್ಲಿರುವ ಕಂಪನಿಯಲ್ಲಿ ಆಡಿಟರ್ ಫೀಸೂ ಬಾಕಿ ಇರುತ್ತದೆ, ರಿಟರ್ನೂ ತಡವಾಗುತ್ತದೆ. ನಷ್ಟ ಅತಿ ಜಾಸ್ತಿಯಾದ ವರ್ಷವೇ ಹೀಗೆ ಕೈತಪ್ಪುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಬೆಲೆ ಕಟ್ಟುವಾಗ ಆಗುವ ತಪ್ಪು. ಮೌಲ್ಯಮಾಪಕರು ಮುಂದಿನ ಹತ್ತು ವರ್ಷದ ನಗದು ಹರಿವು ಬರೆದು ಕಂಪನಿಗೆ ಬೆಲೆ ಕಟ್ಟುತ್ತಾರೆ. ಆಮೇಲೆ ಕೆಳಗೆ ನಷ್ಟದಿಂದ ಉಳಿಯುವ ತೆರಿಗೆ ಎಂದು ಇನ್ನೊಂದು ಸಾಲು ಸೇರಿಸುತ್ತಾರೆ. ಮೇಲಿನ ಪಟ್ಟಿಯಲ್ಲಿ ತೆರಿಗೆಯ ಸಾಲನ್ನು ನೋಡಿ. ಮೊದಲ ವರ್ಷಗಳಲ್ಲಿ ತೆರಿಗೆ ಸೊನ್ನೆ ಎಂದಿದ್ದರೆ ನಷ್ಟದ ಬೆಲೆ ಆಗಲೇ ಒಳಗೆ ಸೇರಿದೆ. ಕೆಳಗಿನ ಸಾಲು ಎರಡನೇ ಸಲದ ಎಣಿಕೆ. ಇನ್ನೂ ಕೆಟ್ಟದ್ದು, ಹತ್ತನೇ ವರ್ಷದಲ್ಲೂ ತೆರಿಗೆ ಕಡಿಮೆ ಇದ್ದರೆ ಆ ಉಳಿತಾಯ ಎಂದೆಂದಿಗೂ ಇರುತ್ತದೆ ಎಂಬಂತೆ ಬೆಲೆ ಉಬ್ಬುತ್ತದೆ. ಪೂರ್ತಿ ತೆರಿಗೆ ಕಟ್ಟುವ ಕಂಪನಿ ಎಂದು ಮೇಲಿನ ಲೆಕ್ಕ ಮಾಡಿ, ನಷ್ಟವನ್ನು ಬೇರೆಯಾಗಿ, ಒಂದೇ ಸಲ ಸೇರಿಸುವುದು ಸರಿಯಾದ ಕ್ರಮ.

ಕೊನೆಗೆ ಬೆಲೆ ನಿಲ್ಲುವುದು ಎರಡು ಅಂಚುಗಳ ನಡುವೆ. ಕಾರ್ಖಾನೆ ತಾನೇ ಲಾಭ ಮಾಡದಿದ್ದರೆ ಮಾರುವವರಿಗೆ ಆ ನಷ್ಟದ ಬೆಲೆ ಸೊನ್ನೆ. ಕೊಳ್ಳುವವರಿಗೆ 14.1 ಕೋಟಿ, ಆದರೆ ಐದು ವರ್ಷದ ಷರತ್ತಿನ ಭಾರವೂ ಅವರದೇ. ಆ ಭಾರಕ್ಕೆ ಎಷ್ಟು ಕಳೆಯಬೇಕು ಎಂಬುದೇ ಚೌಕಾಸಿ. ಅರ್ಧದ ಆಸುಪಾಸಿನಲ್ಲಿ ಮಾತು ನಿಂತರೆ ಮಾರುವವರು ಸೋತರು ಎಂದು ನನಗೆ ಅನಿಸುವುದಿಲ್ಲ.

ಒಂದು ಕಡೆ ಮಾತ್ರ ಮನಸ್ಸು ಒಪ್ಪುವುದಿಲ್ಲ. ಇದೇ ಕಾರ್ಖಾನೆ ಷೇರುಪೇಟೆಯಲ್ಲಿ ಇದ್ದಿದ್ದರೆ ಸೆಕ್ಷನ್ 79 ಅದನ್ನು ಮುಟ್ಟುತ್ತಿರಲಿಲ್ಲ. ಇದೇ ಕಾರ್ಖಾನೆ ದಿವಾಳಿ ಕಾನೂನಿನಡಿ ಮಾರಾಟವಾದರೂ ನಷ್ಟ ಉಳಿಯುತ್ತದೆ. 2018ರಿಂದ ಹಾಗೆ ವಿನಾಯಿತಿ ಇದೆ, ತೆರಿಗೆ ಇಲಾಖೆಗೆ ತನ್ನ ಮಾತು ಹೇಳಲು ಅವಕಾಶ ಕೊಟ್ಟರಾಯಿತು. ದಿವಾಳಿಯಾಗುವ ಮೊದಲೇ, ಕೆಲಸಗಾರರ ಸಂಬಳ ನಿಲ್ಲುವ ಮೊದಲೇ, ಇನ್ನೊಬ್ಬರಿಗೆ ಒಪ್ಪಿಸೋಣ ಎಂದು ಹೊರಟ ಸಣ್ಣ ಮಾಲೀಕರ 40 ಕೋಟಿ ಮಾತ್ರ ಷೇರು ವರ್ಗಾವಣೆಯಾದ ದಿನವೇ ಅಳಿಸಿ ಹೋಗುತ್ತದೆ.