ಸುಳ್ಳು ಹೇಳಿ ಗೆದ್ದರೆ ಸೀಟು ಹೋಗುತ್ತದಾ? ಸೆಕ್ಷನ್ 123(4) ಬಗ್ಗೆ ಟಿಪ್ಪಣಿ

ಚುನಾವಣಾ ಪ್ರಚಾರದಲ್ಲಿ ಸುಳ್ಳು ಹೇಳುವುದು ತಪ್ಪಾ ಅಂತ ತುಮಕೂರಿನ ನಮ್ಮ ಓದುವ ಗುಂಪಿನಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ‘ಹೌದು’. ಆದರೆ ಕಾಯ್ದೆ ತೆರೆದು ನೋಡಿದರೆ ಹಾಗಿಲ್ಲ. ನಮ್ಮ ಕಾನೂನು ಎಲ್ಲ ಸುಳ್ಳಿನ ಬೆನ್ನು ಹತ್ತುವುದಿಲ್ಲ. ಒಂದು ಸಣ್ಣ ಜಾತಿಯ ಸುಳ್ಳನ್ನು ಮಾತ್ರ ಹಿಡಿಯುತ್ತದೆ, ಅದೂ ಚುನಾವಣೆ ಮುಗಿದ ಮೇಲೆ. ಯಾಕೆ ಹೀಗೆ ಅನ್ನುವುದೇ ಈ ಟಿಪ್ಪಣಿಯ ವಿಷಯ.

1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 123ರಲ್ಲಿ ‘ಭ್ರಷ್ಟ ಆಚರಣೆ’ಗಳ ಪಟ್ಟಿ ಇದೆ. ಲಂಚ, ಬೆದರಿಕೆ, ಜಾತಿ-ಧರ್ಮದ ಹೆಸರಲ್ಲಿ ಮತ ಕೇಳುವುದು, ಇವೆಲ್ಲ ಅಲ್ಲೇ ಬರುತ್ತವೆ. ಅದರ ನಾಲ್ಕನೇ ಉಪವಿಧಿ ಸುಳ್ಳಿಗೆ ಸಂಬಂಧಿಸಿದ್ದು. ಬಿಡಿಸಿ ಹೇಳಿದರೆ ಅದು ಹೀಗಿದೆ: ಹೇಳಿದ್ದು ಒಂದು ಸಂಗತಿಯಾಗಿರಬೇಕು, ಬರೀ ಅಭಿಪ್ರಾಯ ಆಗಿರಬಾರದು. ಅದು ಸುಳ್ಳಾಗಿರಬೇಕು. ಹೇಳಿದವನಿಗೆ ಅದು ಸುಳ್ಳು ಅಂತ ಗೊತ್ತಿರಬೇಕು, ಇಲ್ಲವೇ ನಿಜ ಅನ್ನುವ ನಂಬಿಕೆಯಾದರೂ ಇರಬಾರದು. ಅದು ಒಬ್ಬ ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ ಅಥವಾ ನಡತೆಯ ಬಗ್ಗೆ ಇರಬೇಕು, ಅಥವಾ ಅವರು ಕಣದಲ್ಲಿ ಇದ್ದಾರೋ ಹಿಂದೆ ಸರಿದರೋ ಎಂಬುದರ ಬಗ್ಗೆ ಇರಬೇಕು. ಅವರ ಗೆಲುವಿಗೆ ಪೆಟ್ಟು ಕೊಡುವಂಥ ಮಾತಾಗಿರಬೇಕು. ಕೊನೆಯದಾಗಿ, ಹೇಳಿದವರು ಎದುರಾಳಿ ಅಭ್ಯರ್ಥಿಯೋ, ಅವರ ಏಜೆಂಟೋ, ಅಥವಾ ಅಭ್ಯರ್ಥಿಯ ಇಲ್ಲವೇ ಚುನಾವಣಾ ಏಜೆಂಟರ ಒಪ್ಪಿಗೆ ಪಡೆದವರೋ ಆಗಿರಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಕೇಸು ನಿಲ್ಲುವುದಿಲ್ಲ.

ನಮ್ಮ ಜಿಲ್ಲೆಯದೇ ಒಂದು ಕಲ್ಪಿತ ಕ್ಷೇತ್ರ ಇಟ್ಟುಕೊಂಡು ನೋಡೋಣ. ಕಣದಲ್ಲಿ ರಾಜಣ್ಣ ಮತ್ತು ಸಿದ್ದಮ್ಮ ಇದ್ದಾರೆ ಅಂದುಕೊಳ್ಳಿ. ಹೆಸರು ಸುಮ್ನೆ ಇಟ್ಟಿದ್ದು. ಮತದಾನಕ್ಕೆ ಮೂರು ದಿನ ಇರುವಾಗ ಸಿದ್ದಮ್ಮನ ವಿರುದ್ಧ ಒಂದು ಕರಪತ್ರ ಮನೆಮನೆಗೆ ಬೀಳುತ್ತದೆ. ಅದರಲ್ಲಿರುವ ನಾಲ್ಕು ಸಾಲೂ ಸುಳ್ಳು.

ಮೊದಲ ಸಾಲು: ‘ಹೇಮಾವತಿ ನೀರು ನಮ್ಮ ಕೆರೆಗೆ ಬರದ ಹಾಗೆ ಮಾಡಿದ್ದೇ ಸಿದ್ದಮ್ಮ.’ ಇಲ್ಲಿ ಜನ ರೊಚ್ಚಿಗೇಳುವುದು ನೀರಿನ ವಿಷಯಕ್ಕೇ ಜಾಸ್ತಿ, ಹಾಗಾಗಿ ಮತಕ್ಕೆ ದೊಡ್ಡ ಪೆಟ್ಟು ಬೀಳುವುದು ಇದರಿಂದಲೇ. ಆದರೂ ಇದು 123(4)ಕ್ಕೆ ಸಿಗುವುದು ಕಷ್ಟ. ರಾಜಕಾರಣಿಯಾಗಿ ಏನು ಮಾಡಿದರು, ಏನು ಮಾಡಲಿಲ್ಲ ಅನ್ನುವುದು ಸಾರ್ವಜನಿಕ ನಡತೆ. ‘ವೈಯಕ್ತಿಕ’ ಅನ್ನುವ ಮಾತು ಚಾರಿತ್ರ್ಯ, ನಡತೆ ಎರಡಕ್ಕೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 1960ರಿಂದಲೇ ಓದಿಕೊಂಡು ಬಂದಿದೆ.

ಎರಡನೇ ಸಾಲು: ‘ಸಹಕಾರ ಸಂಘದಲ್ಲಿ ರೈತರ ದುಡ್ಡು ನುಂಗಿದ ಕಳ್ಳಿ.’ ಇದು ಪ್ರಾಮಾಣಿಕತೆಯ ಪ್ರಶ್ನೆ, ಅಂದರೆ ವೈಯಕ್ತಿಕ ಚಾರಿತ್ರ್ಯ. ಉಪವಿಧಿಯ ಒಳಗೆ ಬರುತ್ತದೆ.

ಮೂರನೇ ಸಾಲು: ‘ಸಿದ್ದಮ್ಮ ಕಣದಿಂದ ಹಿಂದೆ ಸರಿದು ರಾಜಣ್ಣನವರಿಗೆ ಬೆಂಬಲ ಕೊಟ್ಟಿದ್ದಾರೆ.’ ಇದರಲ್ಲಿ ಬೈಗುಳ ಇಲ್ಲ, ಚಾರಿತ್ರ್ಯದ ಮಾತೂ ಇಲ್ಲ. ಆದರೂ ನೇರವಾಗಿ ಉಪವಿಧಿಯ ಒಳಗೆ ಬರುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನವರು ಮರೆಯುವ ಭಾಗ ಇದೇ.

ನಾಲ್ಕನೇ ಸಾಲು: ‘ನಿಮ್ಮ ಬೂತ್ ಬೇರೆ ಊರಿಗೆ ಹೋಗಿದೆ.’ ಇದು ಯಾವ ಅಭ್ಯರ್ಥಿಯ ಬಗ್ಗೆಯೂ ಅಲ್ಲ, ಹಾಗಾಗಿ 123(4) ಅನ್ವಯಿಸುವುದಿಲ್ಲ. ಮತದಾರನ ಹಕ್ಕಿಗೆ ಅಡ್ಡಿ ಮಾಡಿದರು ಅಂತ 123(2)ರ ‘ಅನುಚಿತ ಪ್ರಭಾವ’ದ ಕೆಳಗೆ ವಾದಿಸಬೇಕು.

ಅಂದರೆ ಕ್ಷೇತ್ರಕ್ಕೆ ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡಬಹುದಾದ ಸುಳ್ಳು, ನೀರಿನ ಸುಳ್ಳು, ಹೊರಗೇ ಉಳಿಯಿತು. ನನಗೆ ಮೊದಲು ಇದು ವಿಚಿತ್ರ ಅನಿಸಿತ್ತು. ಆದರೆ ಯೋಚನೆ ಮಾಡಿ: ಯಾವ ನಾಲೆಗೆ ಯಾರಿಂದ ನೀರು ತಪ್ಪಿತು ಅನ್ನುವುದು ಪ್ರತಿ ಚುನಾವಣೆಯ ಜಗಳ. ಅದನ್ನು ಕೋರ್ಟಿನಲ್ಲಿ ತೀರ್ಮಾನ ಮಾಡಲು ಹೊರಟರೆ ಪ್ರಚಾರದ ಪ್ರತಿ ಭಾಷಣವೂ ಕೇಸಾಗುತ್ತದೆ. ಭರವಸೆಗಳ ವಿಷಯದಲ್ಲೂ ಹೀಗೆಯೇ. ಪ್ರಣಾಳಿಕೆಯ ಭರವಸೆಗಳು 123ರ ಭ್ರಷ್ಟ ಆಚರಣೆ ಆಗುವುದಿಲ್ಲ ಅಂತ 2013ರ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸಂಗತಿ ಯಾವುದು, ಅಭಿಪ್ರಾಯ ಯಾವುದು ಅನ್ನುವುದಕ್ಕೆ ಓದಲೇಬೇಕಾದ ಕೇಸು ಕುಮಾರಾನಂದ್ ವಿರುದ್ಧ ಬ್ರಿಜ್‌ಮೋಹನ್ ಲಾಲ್ ಶರ್ಮಾ. 1962ರ ಚುನಾವಣೆಯದು, ರಾಜಸ್ಥಾನದ ಬ್ಯಾವರ್ ಕ್ಷೇತ್ರ. ಕುಮಾರಾನಂದ್ ಅಧ್ಯಕ್ಷತೆ ವಹಿಸಿದ್ದ ಸಭೆಯಲ್ಲಿ ಒಬ್ಬ ಕವಿ ಪದ್ಯ ಓದಿದ. ಅದರಲ್ಲಿ ಎದುರಾಳಿಯನ್ನು ಕಳ್ಳರಲ್ಲೇ ದೊಡ್ಡ ಕಳ್ಳ ಅನ್ನುವ ಅರ್ಥದ ಮಾತಿತ್ತು. ‘ಪದ್ಯ ತಾನೇ, ಉತ್ಪ್ರೇಕ್ಷೆ ಇದ್ದೇ ಇರುತ್ತದೆ’ ಅನ್ನಬಹುದಿತ್ತು ಅಲ್ವಾ? ಕೋರ್ಟ್ ಒಪ್ಪಲಿಲ್ಲ. ಒಬ್ಬನನ್ನು ಕಳ್ಳ ಅಂದರೆ ಅದು ಸಂಗತಿಯ ಹೇಳಿಕೆಯೇ ಎಂದಿತು. ಇನ್ನೊಂದು ಅಂಶ ಇನ್ನೂ ಮುಖ್ಯ. ನೋಡಬೇಕಾದದ್ದು ಓದಿದ ಕವಿಯ ನಂಬಿಕೆ ಅಲ್ಲ, ಅಭ್ಯರ್ಥಿಯ ನಂಬಿಕೆ. ಆರೋಪಕ್ಕೆ ಗುರಿಯಾದವರು ಪ್ರಮಾಣ ಮಾಡಿ ‘ಇದು ಸುಳ್ಳು’ ಅಂದರೆ ಅವರ ಮೇಲಿನ ಮೊದಲ ಹೊರೆ ಇಳಿಯುತ್ತದೆ. ಆಮೇಲೆ ಉತ್ತರ ಕೊಡುವ ಸರದಿ ಎದುರಿನವರದು. ಕುಮಾರಾನಂದ್ ಗೆದ್ದಿದ್ದ ಸೀಟು ಹೋಯಿತು.

ಈಗ ಸಿದ್ದಮ್ಮ ಸೋತರು, ರಾಜಣ್ಣ ಗೆದ್ದರು ಅಂತಿಟ್ಟುಕೊಳ್ಳಿ. ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಸಿದ್ದಮ್ಮನೇ ಹಾಕಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರನೂ ಹಾಕಬಹುದು. ಯಾರು, ಎಲ್ಲಿ, ಯಾವತ್ತು, ಏನು ಮಾಡಿದರು ಅಂತ ಪೂರ್ತಿ ವಿವರ ಬರೆಯಬೇಕು, ಜೊತೆಗೆ ಅಫಿಡವಿಟ್ ಇರಬೇಕು. ‘ಕೆಲವು ಕಡೆ ಕರಪತ್ರ ಹಂಚಿದರು’ ಅಂತ ಬರೆದರೆ ಸಾಲದು. ಎಷ್ಟೋ ಅರ್ಜಿಗಳು ವಿಚಾರಣೆಗೂ ಹೋಗದೆ ಬಿದ್ದುಹೋಗುವುದು ಈ ವಿವರದ ಕೊರತೆಯಿಂದ. ಪುರಾವೆಯ ಮಟ್ಟವೂ ಸಿವಿಲ್ ಕೇಸಿನದಲ್ಲ, ಕ್ರಿಮಿನಲ್ ಕೇಸಿನಷ್ಟೇ ಬಿಗಿ. ರುಜುವಾತಾದರೆ ಪರಿಣಾಮವೂ ಅಷ್ಟೇ ಗಟ್ಟಿ: ಆಯ್ಕೆ ರದ್ದು, ಮೇಲೆ ಆರು ವರ್ಷದವರೆಗೆ ಅನರ್ಹತೆ. ಸುಳ್ಳಿನಿಂದ ಎಷ್ಟು ಮತ ಹೋಯಿತು ಅಂತ ಲೆಕ್ಕ ತೋರಿಸಬೇಕಿಲ್ಲ, ಗೆದ್ದವರೋ ಅವರ ಒಪ್ಪಿಗೆ ಇದ್ದವರೋ ಮಾಡಿದ್ದರೆ ಅಷ್ಟೇ ಸಾಕು.

ಆ ‘ಒಪ್ಪಿಗೆ’ ಅನ್ನುವುದೇ ಎಲ್ಲಕ್ಕಿಂತ ಕಷ್ಟದ ಕೊಂಡಿ. ಕರಪತ್ರದ ಕಾಲದಲ್ಲಿ ಇದಕ್ಕೆ ಒಂದು ದಾರಿ ಇತ್ತು, ಈಗಲೂ ಇದೆ. ಯಾವುದೇ ಚುನಾವಣಾ ಕರಪತ್ರ ಸಿಕ್ಕಿದರೆ ಕೆಳಗಿನ ಅಂಚು ನೋಡಿ. ಮುದ್ರಕರ ಹೆಸರು-ವಿಳಾಸ, ಪ್ರಕಾಶಕರ ಹೆಸರು-ವಿಳಾಸ ಸಣ್ಣ ಅಕ್ಷರದಲ್ಲಿ ಇರಲೇಬೇಕು. ಇದು ಸೆಕ್ಷನ್ 127ಎ. ಮುದ್ರಿಸಲು ಕೊಟ್ಟವರು ತಮ್ಮ ಗುರುತಿನ ಘೋಷಣೆಗೆ ಸಹಿ ಹಾಕಿ, ಪರಿಚಯ ಇರುವ ಇಬ್ಬರಿಂದ ದೃಢೀಕರಿಸಿ ಪ್ರೆಸ್ಸಿಗೆ ಕೊಡಬೇಕು. ಪ್ರೆಸ್ಸಿನವರು ಅದರ ಪ್ರತಿಯನ್ನು ಕರಪತ್ರದ ಜೊತೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮಲ್ಲಿ ಡಿ.ಸಿ.ಗೆ, ಕಳಿಸಬೇಕು. ಹೀಗೆ ಕಾಗದದ ಜಾಡು ಉಳಿಯುತ್ತದೆ. ಅಂಚಿನ ಆ ಸಾಲೇ ಇಲ್ಲದಿದ್ದರೆ ಅದೇ ಒಂದು ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ವಾಟ್ಸ್‌ಆ್ಯಪ್ ಫಾರ್ವರ್ಡಿಗೆ ಅಂಚು ಎಲ್ಲಿದೆ? ಅದೇ ಕರಪತ್ರದ ಫೋಟೋ ಹತ್ತು ಗುಂಪುಗಳಲ್ಲಿ ಓಡಾಡಿದರೆ ಮೊದಲು ಹಾಕಿದವರು ಯಾರು, ರಾಜಣ್ಣನಿಗೆ ಗೊತ್ತಿತ್ತಾ ಅಂತ ತೋರಿಸುವುದು ಹೇಗೆ? ಫೋನಿನ ದಾಖಲೆ ಕೋರ್ಟಿಗೆ ಕೊಡಬೇಕಾದರೆ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಪ್ರಮಾಣಪತ್ರ ಕಡ್ಡಾಯ ಅಂತ 2020ರಲ್ಲಿ ತೀರ್ಪು ಬಂದ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣವೂ ಮೂಲದಲ್ಲಿ ಚುನಾವಣಾ ತಕರಾರೇ. ಈಗ ಅದರ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಇದೆ. ಬರೀ ಸ್ಕ್ರೀನ್‌ಶಾಟ್ ಹಿಡಿದು ಹೋದರೆ ಆಗುವುದಿಲ್ಲ.

ಹಾಗಾದರೆ ಇದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಅಲ್ವಾ? ಈ ಪ್ರಶ್ನೆ 1954ರಲ್ಲೇ ಜಮುನಾ ಪ್ರಸಾದ್ ಮುಖಾರಿಯಾ ಪ್ರಕರಣದಲ್ಲಿ ಬಂತು. ಕೋರ್ಟಿನ ಉತ್ತರ ಚುರುಕಾಗಿತ್ತು. ಮಾತಾಡುವುದು ಮೂಲಭೂತ ಹಕ್ಕು, ಚುನಾವಣೆಗೆ ನಿಲ್ಲುವುದು ಕಾಯ್ದೆ ಕೊಟ್ಟ ಹಕ್ಕು. ಏನು ಬೇಕಾದರೂ ಮಾತಾಡಿ, ಆದರೆ ನಿಲ್ಲಬೇಕಾದರೆ ಆ ಕಾಯ್ದೆಯ ನಿಯಮ ಪಾಲಿಸಿ. ನನಗನಿಸುವಂತೆ ಈ ವಾದ ಅಭ್ಯರ್ಥಿಗೆ ಒಪ್ಪುತ್ತದೆ, ಆದರೆ ಸಾಮಾನ್ಯ ಮತದಾರನ ಪೋಸ್ಟಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಆತ ಯಾವ ಸೀಟೂ ಕೇಳುತ್ತಿಲ್ಲವಲ್ಲ.

ಬ್ರಿಟನ್ನಿನ ಕಾನೂನು ನಮ್ಮದರ ಹತ್ತಿರದ ನೆಂಟ. ಅಲ್ಲಿ 2010ರಲ್ಲಿ ಓಲ್ಡ್‌ಹ್ಯಾಮ್ ಈಸ್ಟ್ ಮತ್ತು ಸ್ಯಾಡಲ್‌ವರ್ತ್‌ನಲ್ಲಿ ಫಿಲ್ ವೂಲಾಸ್ 103 ಮತಗಳಿಂದ ಗೆದ್ದರು. ಎದುರಾಳಿ ಎಲ್ವಿನ್ ವಾಟ್ಕಿನ್ಸ್ ಉಗ್ರವಾದಿಗಳ ಬೆಂಬಲಕ್ಕೆ ಹೋಗಿದ್ದಾರೆ ಎನ್ನುವ ಅರ್ಥ ಬರುವ ಕರಪತ್ರ ಹಂಚಿದ್ದಕ್ಕೆ ಆಯ್ಕೆ ರದ್ದಾಯಿತು. ಮೂರು ವರ್ಷ ಸ್ಪರ್ಧಿಸುವ ಹಾಗಿರಲಿಲ್ಲ. ಮರುಚುನಾವಣೆ 2011ರ ಜನವರಿಯಲ್ಲಿ ನಡೆಯಿತು.

ಅಮೆರಿಕ ಇದಕ್ಕೆ ತದ್ವಿರುದ್ಧ. ಓಹಾಯೋ ರಾಜ್ಯದಲ್ಲಿ ಅಭ್ಯರ್ಥಿಯ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳುವುದು ಅಪರಾಧವಾಗಿತ್ತು. ನಮ್ಮದಕ್ಕಿಂತ ಅಗಲವಾದ ಕಾನೂನು, ಸಂಸತ್ತಿನಲ್ಲಿ ಹೇಗೆ ಮತ ಹಾಕಿದರು ಎಂಬ ಸುಳ್ಳೂ ಅದರಲ್ಲಿ ಬರುತ್ತಿತ್ತು. 2010ರಲ್ಲಿ ಸ್ಟೀವ್ ಡ್ರೀಹೌಸ್ ಎಂಬ ಸಂಸದರ ವಿರುದ್ಧ ಒಂದು ಸಂಘಟನೆ ಜಾಹೀರಾತು ಫಲಕ ಹಾಕಲು ಹೊರಟಿತು. ಆರೋಗ್ಯ ವಿಮೆಯ ಮಸೂದೆಗೆ ಮತ ಹಾಕಿ ತೆರಿಗೆದಾರರ ದುಡ್ಡಿನಲ್ಲಿ ಗರ್ಭಪಾತಕ್ಕೆ ಬೆಂಬಲ ಕೊಟ್ಟರು ಅನ್ನುವುದು ಆರೋಪ. ಅವರು ರಾಜ್ಯದ ಚುನಾವಣಾ ಆಯೋಗಕ್ಕೆ ದೂರು ಕೊಟ್ಟರು. ಫಲಕದ ಕಂಪನಿ ಹಿಂದೆ ಸರಿಯಿತು, ಫಲಕ ಬೀಳಲೇ ಇಲ್ಲ. ಈಗ ಯೋಚಿಸಿ: ಆ ಮಾತು ಸುಳ್ಳೋ, ಮಸೂದೆಯನ್ನು ಬೇರೆ ಥರ ಓದಿದ್ದೋ? ತೀರ್ಮಾನಿಸುವವರು ಯಾರು? ಬರೀ ದೂರೇ ಚುನಾವಣೆಗೆ ಮುಂಚೆ ಬಾಯಿ ಕಟ್ಟುವ ಸಾಧನವಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಸಂಘಟನೆಗೆ ಈ ಕಾನೂನನ್ನು ಪ್ರಶ್ನಿಸಲು ದಾರಿ ಬಿಟ್ಟಿತು. 2016ರ ಹೊತ್ತಿಗೆ ಮೇಲ್ಮನವಿ ನ್ಯಾಯಾಲಯವೂ ಕಾನೂನು ನಿಲ್ಲುವುದಿಲ್ಲ ಎಂದಿತು.

ಫ್ರಾನ್ಸ್ ಬೇಗ ತೀರ್ಮಾನ ಮಾಡುವ ದಾರಿ ಹಿಡಿಯಿತು. 2018ರ ಕಾನೂನಿನ ಪ್ರಕಾರ ಚುನಾವಣೆಗೆ ಮುಂಚಿನ ಮೂರು ತಿಂಗಳಲ್ಲಿ ಜಡ್ಜ್ 48 ಗಂಟೆಯೊಳಗೆ ಆದೇಶ ಕೊಡಬೇಕು. ಆದರೆ ಸುಳ್ಳು ಢಾಳಾಗಿ ಕಾಣಬೇಕು, ಕೃತಕವಾಗಿ ಭಾರೀ ಪ್ರಮಾಣದಲ್ಲಿ ಹರಡುತ್ತಿರಬೇಕು. 2019ರಲ್ಲಿ ಗೃಹಸಚಿವರ ಒಂದು ಟ್ವೀಟಿನ ಮೇಲೆ ಬಂದ ದೂರು ಈ ಅಳತೆಗೆ ನಿಲ್ಲದೆ ವಜಾ ಆಯಿತು. ಉತ್ಪ್ರೇಕ್ಷೆ ಇತ್ತು, ಆದರೆ ನಡೆದ ಘಟನೆಯ ಮೇಲೇ ನಿಂತಿತ್ತು.

ನಮ್ಮಲ್ಲಿ ಚುನಾವಣೆಗೆ ಮುಂಚೆ ಕೈಯಲ್ಲಿರುವುದು ಕಡಿಮೆ. ಮಾದರಿ ನೀತಿ ಸಂಹಿತೆ ಪರಿಶೀಲಿಸದ ಆರೋಪ ಬೇಡ ಅನ್ನುತ್ತದೆ, ಆದರೆ ಅದು ಕಾಯ್ದೆ ಅಲ್ಲ. ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಸುಳ್ಳು ಹೇಳಿದವರಿಗೆ, ಅವರು ಯಾರೇ ಆಗಿರಲಿ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 175 ದಂಡ ಹಾಕುತ್ತದೆ, ಜೈಲಿಲ್ಲ. 2024ರ ಮೇ ತಿಂಗಳಲ್ಲಿ ಚುನಾವಣಾ ಆಯೋಗವು ಡೀಪ್‌ಫೇಕ್‌ನಂಥ ವಿಷಯ ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕು ಅಂತ ಪಕ್ಷಗಳಿಗೆ ಸೂಚಿಸಿತು. ಇದು ಪಕ್ಷಗಳ ಖಾತೆಗೆ ಸರಿ. ಆದರೆ ‘ನಿಮ್ಮ ಬೂತ್ ಬೇರೆ ಊರಿಗೆ ಹೋಗಿದೆ’ ಎಂದು ಯಾವ ಪಕ್ಷದ್ದೂ ಅಲ್ಲದ ನಂಬರಿನಿಂದ ಬಂದ ಸಂದೇಶಕ್ಕೆ ಆ ಸೂಚನೆ ಮುಟ್ಟುವುದಿಲ್ಲ. ಅಂಥದ್ದು ಕಂಡರೆ ಚುನಾವಣಾಧಿಕಾರಿಗೆ ದೂರು ಕೊಟ್ಟು, ಪಟ್ಟಿಯಲ್ಲಿರುವ ಸರಿಯಾದ ಬೂತ್ ಯಾವುದು ಅಂತ ಅದೇ ಗುಂಪಿನಲ್ಲಿ ಹಾಕುವುದೇ ಸದ್ಯಕ್ಕೆ ಬೇಗ ಆಗುವ ಕೆಲಸ.