ಕೊನೆಯ ಸಾಲಿನವರು ಬೆರಳಲ್ಲಿ ಹಿಗ್ಗಿಸಿ ನೋಡಲಾರರು

ಡಿಸೆಂಬರ್ ಬಂತೆಂದರೆ ನಮ್ಮ ಅಂಗಡಿಗೆ ಶಾಲೆಯ ಮೇಷ್ಟ್ರುಗಳು ಬರಲು ಶುರು. ವಾರ್ಷಿಕೋತ್ಸವಕ್ಕೆ ವೇದಿಕೆಯ ಹಿಂದೆ ಕಟ್ಟುವ ಬ್ಯಾನರ್ ಬೇಕು, ನಾಳಿದ್ದೇ ಕಾರ್ಯಕ್ರಮ. ಡಿಸೈನ್ ಮಾಡಿ ಅವರ ವಾಟ್ಸಾಪಿಗೆ ಕಳಿಸುತ್ತೇನೆ. ಐದು ನಿಮಿಷಕ್ಕೆ ಫೋನ್ ಬರುತ್ತದೆ: “ತುಂಬಾ ಚೆನ್ನಾಗಿದೆ ಸರ್. ಅತಿಥಿಗಳ ಪಟ್ಟಿಗೆ ಇನ್ನೆರಡು ಹೆಸರು ಸೇರಿಸಿಬಿಡಿ, ಕೆಳಗೆ ಜಾಗ ಇದೆಯಲ್ಲ.”

ಆ ಜಾಗ ಅವರಿಗೆ ಹೇಗೆ ಕಂಡಿತು ಎಂಬುದು ನನಗೆ ಗೊತ್ತು. ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದ್ದಾರೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತಾ ಒಂದೊಂದೇ ಹೆಸರನ್ನು ಓದಿದ್ದಾರೆ. ಕಾಗುಣಿತ ನೋಡಲು ಹಾಗೆ ಹಿಗ್ಗಿಸಲೇಬೇಕು, ಅದನ್ನು ನಾನೇ ಹೇಳುತ್ತೇನೆ. ಆದರೆ ಬ್ಯಾನರ್ ಓದಲು ಆಗುತ್ತದೋ ಇಲ್ಲವೋ ಎಂದು ಹಾಗೆ ನೋಡಿ ತೀರ್ಮಾನಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಮೈದಾನದ ಕೊನೆಯ ಸಾಲಿನಲ್ಲಿ ಕುಳಿತ ತಾಯಿಗೆ ಹಿಗ್ಗಿಸಿಕೊಳ್ಳುವ ಅನುಕೂಲವಿಲ್ಲ.

ಲೆಕ್ಕ ಸುಲಭದ್ದು. ಬ್ಯಾನರ್ 24 ಅಡಿ ಅಗಲ, ಕೊನೆಯ ಸಾಲು 120 ಅಡಿ ದೂರ ಎಂದುಕೊಳ್ಳಿ. ದೂರವು ಅಗಲದ ಐದು ಪಟ್ಟು. ಬ್ಯಾನರಿನ ಚಿತ್ರ ಎಷ್ಟೇ ಚಿಕ್ಕದಾಗಿರಲಿ, ಅದರ ಅಗಲದ ಐದು ಪಟ್ಟು ದೂರದಿಂದ ನೋಡಿದರೆ ಕೊನೆಯ ಸಾಲಿನವರಿಗೆ ಕಾಣುವಷ್ಟೇ ನಿಮಗೂ ಕಾಣುತ್ತದೆ. ಫೋನನ್ನು ನೆಟ್ಟಗೆ ಹಿಡಿದಾಗ ಪರದೆಯ ಅಗಲ ಸುಮಾರು 7 ಸೆಂಟಿಮೀಟರ್. ಅದರ ಐದು ಪಟ್ಟು 35 ಸೆಂಟಿಮೀಟರ್, ಅಂದರೆ ನಾವು ದಿನವೂ ಫೋನ್ ಹಿಡಿಯುವ ದೂರವೇ ಹೆಚ್ಚುಕಡಿಮೆ. ಹಾಗಾಗಿ ವಾಟ್ಸಾಪಿನಲ್ಲಿ ಬಂದ ಚಿತ್ರವನ್ನು ಹಿಗ್ಗಿಸದೆ, ಫೋನನ್ನು ಅಡ್ಡ ತಿರುಗಿಸದೆ, ಎಂದಿನಂತೆ ಹಿಡಿದು ನೋಡಿದರೆ ಕೊನೆಯ ಸಾಲಿನಲ್ಲಿ ಕುಳಿತಂತೆಯೇ. ಅಲ್ಲಿ ಓದಲಾಗದ ಅಕ್ಷರವನ್ನು ಮೈದಾನದಲ್ಲೂ ಓದಲಾಗುವುದಿಲ್ಲ. ಚಿತ್ರವನ್ನು ಹಿಗ್ಗಿಸಿದಿರೋ, ನೀವು ಎದ್ದು ಮುಖ್ಯ ಅತಿಥಿಗಳ ಪಕ್ಕಕ್ಕೆ ಬಂದು ನಿಂತಂತೆ.

ಕಂಪ್ಯೂಟರ್ ಮುಂದೆ ಕುಳಿತು ನೋಡುವಾಗಲೂ ಇದೇ ತೊಂದರೆ. ನನ್ನ ಪರದೆ ಅರ್ಧ ಮೀಟರಿಗಿಂತ ಸ್ವಲ್ಪ ಅಗಲ. ಗ್ರಾಹಕರು ನನ್ನ ಹೆಗಲ ಹಿಂದೆ ಬಗ್ಗಿ “ಓದಬಹುದಲ್ಲ” ಎನ್ನುತ್ತಾರೆ. ಅವರನ್ನು ಎಬ್ಬಿಸಿ ಅಂಗಡಿಯ ಬಾಗಿಲಿನ ಹತ್ತಿರ, ಎಂಟೊಂಬತ್ತು ಅಡಿ ದೂರ ನಿಲ್ಲಿಸಿ ಓದಿಸುತ್ತೇನೆ. ಕೆಲವರು ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಹೋದ ವರ್ಷ ಒಂದು ಪ್ರೌಢಶಾಲೆಯ ಹಿಂದಿ ಮೇಷ್ಟ್ರು ಬಂದಿದ್ದರು. ಬಹಳ ಉತ್ಸಾಹಿ, ಡಿಸೈನನ್ನೂ ತಾವೇ ಫೋನಿನಲ್ಲಿ ಮಾಡಿಕೊಂಡು ಬಂದಿದ್ದರು. ಎಡಕ್ಕೆ ಸರಸ್ವತಿ, ಬಲಕ್ಕೆ ನಾಲ್ಕು ಮಹನೀಯರ ಭಾವಚಿತ್ರ, ಮೇಲೆ ಇಲಾಖೆಯ ಹೆಸರು, ನಡುವೆ ಶಾಲೆಯ ಹೆಸರು, ಒಂದು ಸುಭಾಷಿತ, ಕೆಳಗೆ ಹನ್ನೊಂದು ಅತಿಥಿಗಳ ಹೆಸರು ಹುದ್ದೆಗಳ ಸಮೇತ. “ಇದನ್ನೇ 24ಕ್ಕೆ 10 ಅಡಿ ಹೊಡೆದುಕೊಡಿ ಸರ್, ಬೇರೇನೂ ಮಾಡೋದು ಬೇಡ” ಎಂದರು.

ಮೊದಲ ತೊಡಕು ಆಕಾರದ್ದು. ಅವರ ಚಿತ್ರ ಟಿವಿ ಪರದೆಯ ಅಳತೆಯದು, 16ಕ್ಕೆ 9. ಅದನ್ನು 24 ಅಡಿ ಅಗಲಕ್ಕೆ ಬೆಳೆಸಿದರೆ ಎತ್ತರ ಹದಿಮೂರೂವರೆ ಅಡಿ ಆಗುತ್ತದೆ. ನಮಗಿರುವುದು ಹತ್ತು ಅಡಿ. ಉಳಿದ ಮೂರೂವರೆ ಅಡಿ ಕತ್ತರಿಸಬೇಕು, ಇಲ್ಲವೇ ಚಿತ್ರವನ್ನು ಅಡ್ಡಕ್ಕೆ ಎಳೆಯಬೇಕು. ಎಳೆದರೆ ಅಗಲ ಸುಮಾರು ಮೂರನೇ ಒಂದು ಪಾಲು ಹೆಚ್ಚುತ್ತದೆ. ಒಂದು ಅಡಿ ಎತ್ತರದ ದುಂಡನೆಯ ಶಾಲಾ ಲಾಂಛನ ಒಂದು ಅಡಿ ನಾಲ್ಕು ಇಂಚು ಅಗಲದ ಮೊಟ್ಟೆಯಾಗುತ್ತದೆ. ಭಾವಚಿತ್ರದಲ್ಲಿರುವ ಹಿರಿಯರ ಕೆನ್ನೆ ಊದಿಕೊಳ್ಳುತ್ತದೆ. ಊರೂರಿನ ವೇದಿಕೆಗಳಲ್ಲಿ ಇಂಥ ಊದಿದ ಮುಖಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಲಾಂಛನ ದುಂಡಗಿದೆಯೇ ಎಂದು ಒಮ್ಮೆ ನೋಡಿದರೆ ಸಾಕು, ಯಾರಾದರೂ ಎಳೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಾನಂತೂ ಮೊದಲು ಪುಟವನ್ನೇ 24ಕ್ಕೆ 10 ಇಂಚು ಇಟ್ಟುಕೊಂಡು ಶುರು ಮಾಡುತ್ತೇನೆ. ಒಂದು ಇಂಚು ಒಂದು ಅಡಿಗೆ ಸಮ. ಪುಟದಲ್ಲಿ ಅರ್ಧ ಇಂಚಿನ ಅಕ್ಷರ ಇದ್ದರೆ ಬ್ಯಾನರಿನಲ್ಲಿ ಅರ್ಧ ಅಡಿ. ಮನಸ್ಸಿನಲ್ಲೇ ಲೆಕ್ಕ ಸಿಗುತ್ತದೆ.

ಆ 24 ಅಡಿಯನ್ನು ಎಲ್ಲಿಂದ ಎಲ್ಲಿಗೆ ಅಳೆದಿರಿ ಎಂದು ಕೇಳಿದೆ. ವೇದಿಕೆಯ ನೆಲ 30 ಅಡಿ, ಎರಡು ಕಂಬಗಳ ನಡುವೆ 24 ಎಂದರು. ಸರಿಯಾಗಿಯೇ ಅಳೆದಿದ್ದರು, ಅಪರೂಪ.

ಎರಡನೆಯದು ಯಾರ ಲೆಕ್ಕಕ್ಕೂ ಬರದ ಸಂಗತಿ. ಹತ್ತು ಅಡಿ ಎತ್ತರದ ಬ್ಯಾನರಿನಲ್ಲಿ ಬರೆಯಲು ಸಿಗುವುದು ಹತ್ತು ಅಡಿಯಲ್ಲ. ಅತಿಥಿಗಳು ಕುರ್ಚಿಯಲ್ಲಿ ಕುಳಿತಾಗ ಅವರ ತಲೆ ವೇದಿಕೆಯ ನೆಲದಿಂದ ಸುಮಾರು ನಾಲ್ಕು ಅಡಿ ಮೇಲಿರುತ್ತದೆ. ಹಾಗಾದರೆ ಕೆಳಗಿನ ನಾಲ್ಕು ಅಡಿ ಹೋಯಿತು, ಆರು ಉಳಿಯಿತು ಎನ್ನುತ್ತೀರಿ. ಉಳಿಯುವುದಿಲ್ಲ. ಜನ ಕೆಳಗೆ ನೆಲದ ಮೇಲೆ ಕುಳಿತು ವೇದಿಕೆಯ ಕಡೆ ತಲೆ ಎತ್ತಿ ನೋಡುತ್ತಾರೆ. ಅವರ ನೋಟ ಅತಿಥಿಯ ತಲೆಯನ್ನು ಸವರಿಕೊಂಡು ಇನ್ನೂ ಮೇಲಕ್ಕೇ ಹೋಗಿ ಬ್ಯಾನರಿಗೆ ತಾಗುತ್ತದೆ. ನಾಲ್ಕು ಅಡಿ ಎತ್ತರದ ವೇದಿಕೆ, ಕುರ್ಚಿಗಳಿಂದ ಆರು ಅಡಿ ಹಿಂದೆ ಬ್ಯಾನರ್, ಕುರ್ಚಿಗಳಿಂದ 20 ಅಡಿ ಮುಂದೆ ಕುಳಿತ ನೋಡುಗ ಎಂದು ಕಾಗದದ ಮೇಲೆ ಗೆರೆ ಎಳೆದು ನೋಡಿ. ಅವರಿಗೆ ಬ್ಯಾನರಿನ ಕೆಳಗಿನ ಐದೂಕಾಲು ಅಡಿಗೂ ಮಿಕ್ಕಿ ಮರೆಯಾಗುತ್ತದೆ. ಕೊನೆಯ ಸಾಲಿನವರಿಗೆ ಮರೆಯಾಗುವುದು ನಾಲ್ಕೂಕಾಲು ಅಡಿ ಮಾತ್ರ, ಆದರೆ ಅಷ್ಟು ದೂರಕ್ಕೆ ಸಣ್ಣ ಅಕ್ಷರ ಎಲ್ಲಿಂದ ಕಾಣಬೇಕು? ಮೇಷ್ಟ್ರು ಕೆಳಗೆ ಹಾಕಿದ್ದ ಹನ್ನೊಂದು ಹೆಸರುಗಳ ಗತಿ ಇದೇ. ಓದಬಲ್ಲಷ್ಟು ಹತ್ತಿರ ಕುಳಿತವರಿಗೆ ಆ ಹೆಸರಿನವರ ತಲೆಗಳೇ ಅಡ್ಡ.

ಹಾಗಾಗಿ ನಾನು ಮೇಲಿನ ಐದು ಅಡಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇನೆ. ಅದರಲ್ಲೂ ಮೇಲಿನ ಆರು ಇಂಚು ಪೈಪಿಗೆ, ಶಾಮಿಯಾನದ ಝಾಲರಿಗೆ ಬಿಡಬೇಕು. ಉಳಿದದ್ದು ನಾಲ್ಕೂವರೆ ಅಡಿ, 54 ಇಂಚು.

ಇನ್ನು ಅಕ್ಷರ. ಬೋರ್ಡ್ ಬರೆಯುವವರು ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ ಎನ್ನುತ್ತಾರೆ. ಹಾಗೆ ನೋಡಿದರೆ 120 ಅಡಿಗೆ 12 ಇಂಚು. ಆರಾಮಾಗಿ ಓದಲು ಅಷ್ಟು ಬೇಕು, ಕಷ್ಟಪಟ್ಟರೆ ಅದರ ಅರ್ಧದಲ್ಲೂ ಓದಬಹುದು. ಕನ್ನಡಕ್ಕೆ ಅರ್ಧಕ್ಕಿಂತ ಕೆಳಗಿಳಿಯಲು ನಾನು ಒಪ್ಪುವುದಿಲ್ಲ, ಏಕೆಂದರೆ ನಮ್ಮ ಒತ್ತಕ್ಷರ ಮೂಲ ಅಕ್ಷರದ ಅರ್ಧದಷ್ಟೇ ಇರುತ್ತದೆ. ಮೇಲಿನ ಅಕ್ಷರ ಕಂಡರೂ ಕೆಳಗಿನ ಒತ್ತು ಬರಿಯ ಚುಕ್ಕೆಯಾಗುತ್ತದೆ. ‘ಪ’ಕ್ಕೂ ‘ಷ’ಕ್ಕೂ ಹೊಟ್ಟೆಯೊಳಗಿನ ಒಂದು ಗೆರೆಯಷ್ಟೇ ವ್ಯತ್ಯಾಸ. ‘ದ’ ಮತ್ತು ‘ಧ’ ಬೇರೆಯಾಗುವುದು ಕೆಳಗಿನ ಒಂದು ಸೀಳಿನಿಂದ. ದೂರದಲ್ಲಿ ಮೊದಲು ಅಳಿಸಿಹೋಗುವುದು ಇವೇ. ಬಟ್ಟೆಯ ಮೇಲೆ ಮುದ್ರಿಸಿದರೆ ಶಾಯಿ ಸ್ವಲ್ಪ ಹರಡಿ ಈ ಸಂದುಗಳು ಇನ್ನಷ್ಟು ಮುಚ್ಚಿಕೊಳ್ಳಬಹುದು, ಆದ್ದರಿಂದ ತೀರಾ ದಪ್ಪ ಅಕ್ಷರವೂ ಬೇಡ.

ಎತ್ತರ ಎಂದರೆ ಒತ್ತು, ಗುಣಿಸು ಬಿಟ್ಟು ಮೂಲ ಅಕ್ಷರದ ಎತ್ತರ. ಕೆಲವರು “ಫಾಂಟ್ ಸೈಜ್ 72 ಇಟ್ಟಿದ್ದೀನಿ, ಒಂದಿಂಚು ಆಯ್ತಲ್ಲ” ಎಂದು ವಾದಿಸುತ್ತಾರೆ. ಆ ಒಂದಿಂಚಿನಲ್ಲಿ ಮೇಲಿನ ಗುಣಿಸು, ಕೆಳಗಿನ ಒತ್ತು ಎರಡರ ಜಾಗವೂ ಸೇರಿದೆ. ‘ವ’ ಅಕ್ಷರವನ್ನು ಮಾತ್ರ ಅಳೆದರೆ ಸುಮಾರು ಅರ್ಧ ಇಂಚು ಸಿಗುತ್ತದೆ. ಫಾಂಟಿನಿಂದ ಫಾಂಟಿಗೆ ಇದು ಬದಲಾಗುವುದರಿಂದ ಅಕ್ಷರದ ಪಕ್ಕ ಒಂದು ಚೌಕ ಎಳೆದು ಅಳೆಯುವುದೇ ಸರಿ. ಇದೇ ಕಾರಣಕ್ಕೆ ಒಂದು ಸಾಲಿಗೆ ಮೂಲ ಅಕ್ಷರದ ಎರಡು ಪಟ್ಟು ಎತ್ತರ ಬೇಕಾಗುತ್ತದೆ.

ಮೇಷ್ಟ್ರ ಮುಂದೆಯೇ ಲೆಕ್ಕ ಹಾಕಿದೆ. ‘ವಾರ್ಷಿಕೋತ್ಸವ’ 12 ಇಂಚಿನ ಅಕ್ಷರ, ಸಾಲಿಗೆ 24 ಇಂಚು. ಶಾಲೆಯ ಹೆಸರು 8 ಇಂಚು, ಸಾಲಿಗೆ 16. ದಿನಾಂಕ ಮತ್ತು ಸ್ಥಳ 6 ಇಂಚು, ಸಾಲಿಗೆ 12. ಒಟ್ಟು 52. ಇದ್ದದ್ದು 54. ಅಲ್ಲಿಗೆ ಮುಗಿಯಿತು. ಮೂರು ಸಾಲು, ಎಡಬಲ ಮೇಲ್ಗಡೆ ಲಾಂಛನ ಮತ್ತು ಸರಸ್ವತಿ. ಕೆಳಗಿನ ಐದು ಅಡಿಗೆ ಬರಿಯ ಬಣ್ಣ.

“ಖಾಲಿ ಖಾಲಿ ಅನಿಸುತ್ತೆ ಸರ್” ಎಂದರು. ಅವರ ಡಿಸೈನಿನಲ್ಲಿ ಅತಿಥಿಗಳ ಹೆಸರಿನ ಅಕ್ಷರ ಬ್ಯಾನರಿನ ಅಳತೆಯಲ್ಲಿ 3 ಇಂಚು ಬರುತ್ತಿತ್ತು. ಫೋನಿನಲ್ಲಿ ಅದು ಒಂದು ಮಿಲಿಮೀಟರಿಗಿಂತ ಕಡಿಮೆ. ಹಿಗ್ಗಿಸದೆ ಓದಿ ಎಂದೆ. ಕನ್ನಡಕ ಸರಿಪಡಿಸಿಕೊಂಡು ಫೋನನ್ನು ಮೂಗಿನ ಹತ್ತಿರ ತಂದರು. ಮೂಗಿನ ಹತ್ತಿರ ತಂದರೂ ಹಿಗ್ಗಿಸಿದಂತೆಯೇ ಸರ್ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಸರಿಲ್ಲದಿದ್ದರೆ ಸಮಿತಿಯವರು ನನ್ನನ್ನು ಬಿಡುವುದಿಲ್ಲ” ಎಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಹೆಸರು ಬಿಟ್ಟುಹೋದರೆ ಬೈಸಿಕೊಳ್ಳುವುದು ಡಿಸೈನರ್ ಅಲ್ಲ, ಮೇಷ್ಟ್ರು.

ಹಾಗಾಗಿ ಹೆಸರುಗಳನ್ನು ಗೇಟಿಗೆ ಕಳಿಸಿದೆವು. ನಾಲ್ಕಕ್ಕೆ ಆರು ಅಡಿಯ ಇನ್ನೊಂದು ಬ್ಯಾನರ್, ನಿಂತವರ ಕಣ್ಣಿನ ಎತ್ತರಕ್ಕೆ. ಅಲ್ಲಿ ಜನ ಆರೆಂಟು ಅಡಿ ದೂರದಲ್ಲಿ ನಿಲ್ಲುವುದರಿಂದ ಒಂದೂವರೆ ಇಂಚಿನ ಅಕ್ಷರ ಧಾರಾಳ. ಹನ್ನೊಂದು ಹೆಸರು, ಹುದ್ದೆ, ನಾಲ್ಕು ಭಾವಚಿತ್ರ, ಸುಭಾಷಿತ, ಎಲ್ಲವೂ ಹಿಡಿಸಿದವು. ಕಾರ್ಯಕ್ರಮದ ಸಂಜೆ ನಾನೂ ಹೋಗಿದ್ದೆ. ಸಮಿತಿಯ ಇಬ್ಬರು ಸದಸ್ಯರು ತಮ್ಮ ಹೆಸರಿನ ಪಕ್ಕ ನಿಂತು ಮೊಮ್ಮಕ್ಕಳ ಕೈಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಿಂದಿ ಮೇಷ್ಟ್ರು ಕೊನೆಯ ಸಾಲಿನ ಹಿಂದೆ ನಿಂತು, ಕೈಯಲ್ಲಿ ಫೋನ್ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ವೇದಿಕೆಯನ್ನೂ ನೋಡುತ್ತಿದ್ದರು.