ಒಂದೇ ದೇವರ ಪದ, ಮೂರು ಊರಿನ ಪಾಠ: ಆಧಾರ ಪಾಠ ಆರಿಸುವುದು ಹೇಗೆ?

ದೇವರ ಮೇಲೆ ಹಾಡುವ ಒಂದೇ ಪದ ಮೂರು ಊರಲ್ಲಿ ಮೂರು ಥರ ಸಿಕ್ಕರೆ ಎಲ್ಲರೂ ಮೊದಲು ಕೇಳುವುದು ಒಂದೇ: ಇದರಲ್ಲಿ ಸರಿ ಯಾವುದು? ತೊಡಕು ಶುರುವಾಗುವುದೇ ಇಲ್ಲಿ. ಈ ಪ್ರಶ್ನೆಯ ಹೊಟ್ಟೆಯಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಸಾಲಿನಲ್ಲಿ ಯಾವ ಮಾತು ಹಳೆಯದು ಅನ್ನುವುದು ಒಂದು. ಯಾವ ಊರಿನ ಪಾಠವನ್ನು, ಅಂದರೆ ಆ ಊರಲ್ಲಿ ಸಿಕ್ಕ ಪದದ ರೂಪವನ್ನು, ಆಧಾರ ಮಾಡಿಕೊಂಡು ಅಚ್ಚು ಮಾಡಬೇಕು ಅನ್ನುವುದು ಇನ್ನೊಂದು. ಮೊದಲನೆಯದರ ಉತ್ತರ ಎರಡನೆಯದಕ್ಕೆ ಉತ್ತರ ಅಲ್ಲ. ಇದು ತಲೆಗೆ ಹತ್ತಲು ನನಗೆ ತುಂಬಾ ಹೊತ್ತು ಹಿಡಿಯಿತು. ಅದಕ್ಕೇ ಟಿಪ್ಪಣಿಯ ಮುಕ್ಕಾಲು ಭಾಗ ಅದರ ಸುತ್ತಲೇ ಇದೆ.

ನಾನು ಇಟ್ಟುಕೊಂಡ ಪದ ದೇವೀರಮ್ಮನದು. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಹತ್ತಿರ ಬಿಂಡಿಗದ ದೇವೀರಮ್ಮನ ಬೆಟ್ಟ ಇದೆಯಲ್ಲ, ದೀಪಾವಳಿಯ ನರಕ ಚತುರ್ದಶಿ ದಿನ ಜನ ಹತ್ತುತ್ತಾರಲ್ಲ, ಆ ತಾಯಿಯ ಮೇಲಿನ ತ್ರಿಪದಿ. ಮಲ್ಲೇನಹಳ್ಳಿ ಕಡೆಯ ಪಾಠಕ್ಕೆ ಮ, ಕಡೂರು ಕಡೆಯದಕ್ಕೆ ಕ, ಹಾಸನದ ಆಲೂರು ಕಡೆಯದಕ್ಕೆ ಅ ಅಂತ ಗುರುತು ಹಾಕಿದ್ದೇನೆ. ಮೂರು ಸಾಲಿನ ಒಂದೊಂದು ಪದ್ಯವೂ ಒಂದು ನುಡಿ. ಮ ಪಾಠದಲ್ಲಿ 9 ನುಡಿ, ಕ ಪಾಠದಲ್ಲಿ 14, ಅ ಪಾಠದಲ್ಲಿ 7.

ಹೋಲಿಸುವ ಮೊದಲು ಜೋಡಿಸಬೇಕು. ಒಂದೊಂದು ನುಡಿಯನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಹಾಡಿದ ಕ್ರಮ ಬಿಟ್ಟು, ವಿಷಯ ನೋಡಿ ಒಂದರ ಪಕ್ಕ ಒಂದು ಇಡಿ. ಮ ಪಾಠದ ಮೊದಲ ನುಡಿ ಕ ಪಾಠದಲ್ಲಿ ಮೂರನೆಯದಾಗಿ ಬರಬಹುದು. ಹಾಡಿದ ಕ್ರಮದ ಅಂಕಿಯನ್ನು ಚೀಟಿಯ ಮೂಲೆಯಲ್ಲಿ ಬರೆದಿಟ್ಟರೆ ಸಾಕು. ಇದು ಬೇಗ ಮುಗಿಯುವ ಕೆಲಸ.

ಇನ್ನು ನನಗೆ ಇಷ್ಟವಾದ ಉಪಾಯ. ನಾನು ಇದಕ್ಕೆ ಎಡಗಡೆ ಅಂಚು ಓದುವುದು ಅಂತ ಹೇಳುತ್ತೇನೆ. ತ್ರಿಪದಿಯಲ್ಲಿ ಸಾಮಾನ್ಯವಾಗಿ ಸಾಲುಗಳ ಎರಡನೇ ಅಕ್ಷರದ ವ್ಯಂಜನ ಒಂದೇ ಇರುತ್ತದೆ. ಅದೇ ಪ್ರಾಸ. ಆದ್ದರಿಂದ ಸಾಲು ಪೂರ್ತಿ ಓದಬೇಡಿ. ಪ್ರತಿ ಸಾಲಿನ ಮೊದಲ ಮಾತನ್ನು ಮಾತ್ರ ಮೇಲಿಂದ ಕೆಳಗೆ ಓದಿ. ಮ ಪಾಠ ಹೀಗಿದೆ:

ಬೆಟ್ಟದ ಮ್ಯಾಗಿರುವ ಪಟ್ಟೆ ಸೀರೆಯ ತಾಯಿ
ಕಟ್ಟಿಗೆ ಹೊತ್ತು ಬರುತೀವಿ | ದೇವೀರಿ
ಕೊಟ್ಟಂಥ ತೊಟ್ಲ ತೂಗವ್ವ

ಬೆಟ್ಟ, ಕಟ್ಟಿಗೆ, ಕೊಟ್ಟ. ಮೂರರಲ್ಲೂ ಟ್ಟ ಇದೆ. ಕ ಪಾಠದಲ್ಲಿ ಇದು ಎರಡನೇ ನುಡಿ. ಈಗ ಅಲ್ಲಿ ಅದರ ಎರಡನೇ ಸಾಲು ನೋಡಿ: "ತುಪ್ಪವ ಹೊತ್ತು ಬತ್ತೀವಿ". ಬೆಟ್ಟ, ತುಪ್ಪ, ಕೊಟ್ಟ. ಪ್ರಾಸ ಮುರಿಯಿತು. ಬೆಟ್ಟಕ್ಕೆ ಕಟ್ಟಿಗೆ, ತುಪ್ಪ, ಬಟ್ಟೆ ಮೂರನ್ನೂ ಜನ ಹರಕೆಯಾಗಿ ಒಯ್ಯುತ್ತಾರೆ. ಅರ್ಥದಲ್ಲಿ ಕಟ್ಟಿಗೆಯೂ ಸರಿ, ತುಪ್ಪವೂ ಸರಿ. ಹಾಗಾಗಿ ಅರ್ಥ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ, ಪ್ರಾಸ ನೋಡಿ ಆಗುತ್ತದೆ. ಈ ಸಾಲಿನಲ್ಲಿ ತುಪ್ಪ ಆಮೇಲೆ ಬಂದು ಕೂತಿರುವ ಸಾಧ್ಯತೆ ಜಾಸ್ತಿ. ಕಡೂರಿನ ಬಯಲಿನಿಂದ ಅಷ್ಟು ದೂರ ಸೌದೆ ಹೊರುವುದಕ್ಕಿಂತ ತುಪ್ಪದ ಗಿಂಡಿ ಹಿಡಿದು ಬರುವುದು ಸುಲಭ ಅಲ್ವಾ? ತಾವು ಒಯ್ಯುವುದನ್ನೇ ಹಾಡಿದ್ದಾರೆ ಅನ್ನುವುದು ನನ್ನ ಊಹೆ.

ಇಲ್ಲಿಗೆ ಉಪಾಯ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅ ಪಾಠದಲ್ಲಿ "ಬಟ್ಟೆಯ ಹೊತ್ತು" ಅಂತ ಇದೆ. ಬೆಟ್ಟ, ಬಟ್ಟೆ, ಕೊಟ್ಟ. ಪ್ರಾಸ ಗಟ್ಟಿಯಾಗಿದೆ! ಕಟ್ಟಿಗೆಯೋ ಬಟ್ಟೆಯೋ ಅಂತ ಕೇಳಿದರೆ ಪ್ರಾಸ ಬಾಯಿ ಬಿಡುವುದಿಲ್ಲ. ಇನ್ನೂ ಒಂದು ಅನುಮಾನ ಇಟ್ಟುಕೊಳ್ಳಬೇಕು. ಪ್ರಾಸ ಕೆಟ್ಟ ಸಾಲನ್ನು ಕೇಳಿದ ಜಾಣ ಹಾಡುಗಾರ್ತಿ ಅದನ್ನು ತಾನೇ ರಿಪೇರಿ ಮಾಡಿರಬಹುದು. ಹಾಗಾದರೆ ಪ್ರಾಸ ಕೂಡಿದ ಮಾತೇ ಹೊಸದು. ಅಂಚು ಓದುವುದರಿಂದ ಅನುಮಾನದ ಜಾಗ ಗೊತ್ತಾಗುತ್ತದೆ, ತೀರ್ಪು ಸಿಗುವುದಿಲ್ಲ.

ಅಂಚು ಓದುವ ಮುಂಚೆ ಸಾಲುಗಳನ್ನು ಸರಿಯಾಗಿ ಒಡೆದಿರಬೇಕು. ತ್ರಿಪದಿ ಹಾಡುವಾಗ ಎರಡನೇ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಸೇರಿಸುವ ರೂಢಿ ಇದೆ. ಕೇಳಿದ್ದನ್ನು ಕೇಳಿದ ಹಾಗೇ ಬರೆದರೆ ನಾಲ್ಕು ಸಾಲಾಗಿ ಕಾಣುತ್ತದೆ. ಆಗ ಅಂಚಿನಲ್ಲಿ ತಪ್ಪು ಮಾತು ಬಂದು ಕೂರುತ್ತದೆ, ಇಲ್ಲದ ಪ್ರಾಸಭಂಗ ಕಾಣಿಸುತ್ತದೆ. ಮರಳಿ ಹಾಡಿದ ಭಾಗವನ್ನು ಗುರುತು ಮಾಡಿ, ಹೋಲಿಸುವ ಚೀಟಿಯಿಂದ ಮಾತ್ರ ಬಿಡಿ. ಮೂಲ ಬರಹದಲ್ಲಿ ಅದು ಇರಲಿ.

ಊರಿಂದ ಊರಿಗೆ ಹಾಡುವ ಮಾತೇ ಬದಲಾದರೆ ಅದು ಪಾಠಾಂತರ. ಪಾಠಾಂತರದ ಹಾಗೆ ಕಂಡರೂ ಪಾಠಾಂತರ ಅಲ್ಲದ್ದು ಒಂದಿದೆ. ಈ ನುಡಿ ನೋಡಿ:

ಏಳವ್ವ ದೇವೀರಿ ಬಾಳೆಯ ಬನದೋಳೆ
ಕೋಳಿಯು ಕೂಗಿ ಬೆಳಗಾತು | ನಿನ್ನೂರ
ಗೋಳನು ಕೇಳಿ ಹೊರಬಾರೆ

ಅ ಪಾಠದ ಬರಹದಲ್ಲಿ ಮೊದಲ ಮಾತು "ಹೇಳವ್ವ" ಅಂತ ಇತ್ತು. ಏಳು ಅಂದರೆ ತಾಯಿಯನ್ನು ಎಬ್ಬಿಸುವ ಪದ, ಹೇಳು ಅಂದರೆ ಅಪ್ಪಣೆ ಕೇಳುವ ಪದ. ಹಾಡಿನ ಸಂದರ್ಭವೇ ಬದಲಾಗುತ್ತದೆ. ಪ್ರಾಸವೂ ಸಹಾಯ ಮಾಡುವುದಿಲ್ಲ, ಎರಡರಲ್ಲೂ ಳ ಇದೆ. ಆದರೆ ನಮ್ಮ ಕಡೆ ಮಾತಿನಲ್ಲಿ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಹಾಡಿದಾಗ ಎರಡೂ "ಏಳವ್ವ" ಅಂತಲೇ ಕೇಳಿಸುತ್ತದೆ. ಬರೆದುಕೊಂಡವರು ಹಕಾರ ಬಿದ್ದುಹೋಗಿದೆ ಅಂದುಕೊಂಡು ಸೇರಿಸಿದ್ದಾರೆ. ಇಂಥದ್ದನ್ನು ಪರೀಕ್ಷೆ ಮಾಡುವುದು ಹೀಗೆ: ರೆಕಾರ್ಡಿಂಗಿಗೆ ಹೋಗಿ ಅದೇ ಹಾಡುಗಾರ್ತಿ ಬೇರೆ ಕಡೆ ಹಕಾರ ಬಿಡುತ್ತಾರಾ ಕೇಳಿ. ಬಿಡುತ್ತಾರಾದರೆ ಕಿವಿಯಿಂದ ಬಗೆಹರಿಯುವುದಿಲ್ಲ, ಸಾಲಿನ ಒಳಗೆ ನೋಡಬೇಕು. ಕೋಳಿ ಕೂಗಿದೆ, ಬೆಳಗಾಗಿದೆ, ಹೊರಗೆ ಬಾ ಅಂತಿದ್ದಾರೆ. ಹಾಗಾಗಿ ಏಳವ್ವ. ಆದರೂ ಒಂದು ಮಾತು ಅವರನ್ನೇ ಕೇಳಿಬಿಡುವುದು ಒಳ್ಳೆಯದು: "ಅಜ್ಜಿ, ಇಲ್ಲಿ ಅಮ್ಮಂಗೆ ಏನ್ ಮಾಡು ಅಂತೀರಾ?" "ಎದ್ದೇಳು ಅಂತೀವಿ ಕಣವ್ವ, ಇನ್ನೇನು" ಅಂದರೆ ಮುಗಿಯಿತು. ಇದು ಬರೆದುಕೊಂಡವರ ತಪ್ಪು. ಪಾಠಾಂತರದ ಪಟ್ಟಿಗೆ ಸೇರಬಾರದು, ತಿದ್ದಬೇಕು.

ಬರುತೀವಿ, ಬತ್ತೀವಿ ಬೇರೆ ಥರ. ಅದು ಉಚ್ಚಾರಣೆ. ಅದನ್ನು ಗ್ರಂಥದ ಕನ್ನಡಕ್ಕೆ ತಿರುಗಿಸಲೂಬೇಡಿ, ಪ್ರತಿಯೊಂದನ್ನೂ ಪಾಠಾಂತರ ಅಂತ ಬರೆದು ಪುಟ ತುಂಬಿಸಲೂಬೇಡಿ. ಮುನ್ನುಡಿಯಲ್ಲಿ ಒಂದು ಸಲ ಹೇಳಿದರೆ ಸಾಕು.

ಈಗ ಆಧಾರ ಪಾಠ. ಇಷ್ಟು ಓದಿದ ಮೇಲೆ ಮನಸ್ಸು ಮ ಕಡೆಗೇ ವಾಲುತ್ತದೆ. ಪ್ರಾಸ ಸರಿಯಾಗಿದೆ, ಬೆಟ್ಟಕ್ಕೂ ಹತ್ತಿರದ ಊರು. ಆದರೆ ಮ ಪಾಠ ಸಿಕ್ಕಿದ್ದು ಹೇಗೆ? ಮನೆ ಜಗಲಿ ಮೇಲೆ ಕೂತು ಬರೆದುಕೊಳ್ಳುವವರಿಗೆ ನಿಧಾನವಾಗಿ ಹೇಳಿದ್ದು, ಹಾಡಿದ್ದಲ್ಲ. ಹೇಳಿ ಬರೆಸುವಾಗ ಹಾಡುಗಾರ್ತಿಯರು ಪಲ್ಲವಿ ಬಿಡುತ್ತಾರೆ, ಮರಳಿ ಹಾಡುವುದನ್ನು ಬಿಡುತ್ತಾರೆ. ಕೆಲವು ಸಾಲು ಬರೀ ಮಾತಾಗಿಬಿಡುತ್ತದೆ. ಮತ್ತೆ ಕೇಳೋಣ ಅಂದರೆ ಧ್ವನಿಯೇ ಇಲ್ಲ. ಅ ಪಾಠ ಹಾಡಿದ್ದು ನಿಜ, ಆದರೆ ಮೊಬೈಲಿನ ರೆಕಾರ್ಡಿಂಗ್ ಏಳನೇ ನುಡಿಗೆ ನಿಂತಿದೆ. ಮುಂದೆ ಎಷ್ಟಿತ್ತೋ. ಕ ಪಾಠ ಒಂದೇ ಮೇಳ, ಒಂದೇ ಬೈಠಕ್ಕು, ಮೊದಲಿಂದ ಕೊನೆಯವರೆಗೂ ಹಾಡಿದ್ದು. ಧ್ವನಿ ಇದೆ. ಆಧಾರಕ್ಕೆ ನಾನು ಆರಿಸಿದ್ದು ಕ.

ಹಾಗಾದರೆ ಎರಡನೇ ಸಾಲಿನ ತುಪ್ಪ? ಅದು ಹಾಗೇ ಇರುತ್ತದೆ. ಇದೇ ಹೆಚ್ಚು ಜನ ಒಪ್ಪದ ಹೆಜ್ಜೆ. ಕಟ್ಟಿಗೆ ಹಳೆಯದು ಅನ್ನಿಸಿದ ಮೇಲೂ ಕ ಪಾಠದ ಒಳಗೆ ಕಟ್ಟಿಗೆ ಹಾಕುವ ಹಾಗಿಲ್ಲ. ಕೆಳಗೆ ಹೀಗೆ ಬರೆಯಬೇಕು:

2.2 ತುಪ್ಪವ ] ಕಟ್ಟಿಗೆ ಮ, ಬಟ್ಟೆಯ ಅ

ಅಂದರೆ ಎರಡನೇ ನುಡಿ, ಎರಡನೇ ಸಾಲು, ಆಧಾರದಲ್ಲಿ ತುಪ್ಪವ, ಮ ಪಾಠದಲ್ಲಿ ಕಟ್ಟಿಗೆ, ಅ ಪಾಠದಲ್ಲಿ ಬಟ್ಟೆಯ. ಪ್ರಾಸದ ವಿಚಾರ ಅಡಿಟಿಪ್ಪಣಿಯಲ್ಲಿ ಒಂದು ಮಾತು.

ಯಾಕೆ ಇಷ್ಟು ಬಿಗಿ? ಓಲೆಗರಿಯ ಕಾವ್ಯದ ಜೊತೆ ಹೋಲಿಸಿದರೆ ತಿಳಿಯುತ್ತದೆ. ಅಲ್ಲಿ ಒಬ್ಬ ಕವಿ ಬರೆದ ಪ್ರತಿ ಒಂದಿತ್ತು. ಲಿಪಿಕಾರರು ಅದನ್ನು ನೋಡಿ ನಕಲು ಮಾಡುವಾಗ ತಪ್ಪಿದರು. ತಪ್ಪುಗಳನ್ನು ಹಿಡಿದು ಹಿಂದಕ್ಕೆ ನಡೆದರೆ ಕವಿಯ ಪ್ರತಿಯ ಹತ್ತಿರಕ್ಕಾದರೂ ಹೋಗಬಹುದು. ಪದಕ್ಕೆ ಅಂಥ ಮೊದಲ ಪ್ರತಿ ಇಲ್ಲ. ಹಾಡಿದಾಗೆಲ್ಲ ಪದ ಹೊಸದಾಗಿ ಕಟ್ಟಿಕೊಳ್ಳುತ್ತದೆ. ತುಪ್ಪ ಅಂತ ಹಾಡಿದವರು ನಕಲು ತಪ್ಪಿದವರಲ್ಲ. ಮ ಪಾಠದ ಕಟ್ಟಿಗೆ, ಅ ಪಾಠದ ಒಂದು ಒಳ್ಳೆಯ ಸಾಲು, ಕ ಪಾಠದ ಪಲ್ಲವಿ ಎಲ್ಲ ಸೇರಿಸಿದರೆ ಓದಲು ಸೊಗಸಾದ ಪದ ಆಗುತ್ತದೆ, ನಿಜ. ಆದರೆ ಅದನ್ನು ಯಾವ ಊರಿನ ಯಾವ ಹೆಣ್ಣುಮಗಳೂ ಹಾಡಿರುವುದಿಲ್ಲ. ಹಸ್ತಪ್ರತಿಗಳ ವಿಚಾರದಲ್ಲೂ ಫ್ರಾನ್ಸಿನ ವಿದ್ವಾಂಸ ಜೋಸೆಫ್ ಬೇದಿಯೇ 20ನೇ ಶತಮಾನದ ಮೊದಲ ಭಾಗದಲ್ಲಿ ಹೀಗೇ ವಾದಿಸಿದ್ದರು: ಒಳ್ಳೆಯ ಪ್ರತಿ ಒಂದನ್ನು ಆರಿಸಿ, ಆದಷ್ಟು ಕಡಿಮೆ ಕೈ ಹಾಕಿ. ಇಂಗ್ಲಿಷ್, ಸ್ಕಾಟಿಷ್ ಲಾವಣಿಗಳನ್ನು 1882ರಿಂದ 1898ರವರೆಗೆ ಪ್ರಕಟಿಸಿದ ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಚೈಲ್ಡ್ ಇನ್ನೂ ಮುಂದೆ ಹೋಗಿ, 305 ಲಾವಣಿಗಳಿಗೆ ಸಿಕ್ಕ ಪಾಠಗಳನ್ನು ಎ, ಬಿ, ಸಿ ಅಂತ ಬೇರೆ ಬೇರೆಯಾಗಿಯೇ ಅಚ್ಚು ಹಾಕಿಸಿದರು. ಪುಟ ಇದ್ದರೆ ಅದೇ ಉತ್ತಮ. ನಮಗೆ ಅಷ್ಟು ಪುಟ ಸಿಗುವುದಿಲ್ಲ, ಅದಕ್ಕೇ ಆಧಾರ ಪಾಠದ ದಾರಿ.

ಉದ್ದ ಇದೆ ಅನ್ನುವುದು ಕ ಪಾಠವನ್ನು ಆರಿಸಲು ಕಾರಣ ಅಲ್ಲ. ಅದರ 14 ನುಡಿಗಳಲ್ಲಿ 5 ನುಡಿ ತವರಿನ ಹಾದಿ, ಅಣ್ಣನ ಗಾಡಿ ಇತ್ಯಾದಿ. ಅವೇ ನುಡಿಗಳು ಮದುವೆಯ ಸೋಬಾನೆಯಲ್ಲೂ ಬರುತ್ತವೆ. ದೇವೀರಿಯ ಹೆಸರು ತೆಗೆದರೂ ಅರ್ಥ ಕೆಡದೆ ನಿಂತರೆ ಅದು ತೇಲಿ ಬಂದ ನುಡಿ ಅಂತ ಗುರುತಿಸಬಹುದು. ತೆಗೆದು ಹಾಕಬೇಡಿ, ಹಾಡಿದ್ದಾರಲ್ಲ. ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿ. ಮ, ಅ ಪಾಠಗಳಲ್ಲಿ ಮಾತ್ರ ಇರುವ ನುಡಿಗಳು ಅನುಬಂಧಕ್ಕೆ.

ಇನ್ನೊಂದು ವಿಷಯ ಲೆಕ್ಕ ತಪ್ಪಿಸುತ್ತದೆ. ಬೇರೊಂದು ನುಡಿಯಲ್ಲಿ ಮ ಮತ್ತು ಅ ಅಕ್ಷರಕ್ಕೆ ಅಕ್ಷರ ಒಂದೇ, ಕ ಒಂದೇ ಬೇರೆ. ಎರಡು ಊರು ಒಂದು ಕಡೆ, ಒಂದು ಊರು ಇನ್ನೊಂದು ಕಡೆ ಅಂದರೆ ಬಹುಮತ ಗೆದ್ದಂತೆ ಕಾಣುತ್ತದೆ. ಆದರೆ ಅ ಪಾಠದಲ್ಲಿ ಮುಂದಾಗಿ ಹಾಡಿದವರ ತವರು ಮಲ್ಲೇನಹಳ್ಳಿ ಕಡೆ, ಆಲೂರು ಕೊಟ್ಟ ಮನೆ. ಪದ ಅವರ ಜೊತೆಗೇ ಬಂದಿದೆ. ಹಾಗಾಗಿ ಅದು ಎರಡು ಊರಿನ ಸಾಕ್ಷಿ ಅಲ್ಲ, ಒಂದೇ ಊರಿನದು. ಆಗ ಲೆಕ್ಕ ಒಂದಕ್ಕೆ ಒಂದು. ಬಟ್ಟೆಯ ವಿಚಾರದಲ್ಲಿ ಇದೇ ಸಂಗತಿ ಉಲ್ಟಾ ಹೊಡೆಯುತ್ತದೆ: ತವರಲ್ಲಿ ಕಟ್ಟಿಗೆ ಅಂತ ಕಲಿತವರು ಆಲೂರಿನಲ್ಲಿ ಬಟ್ಟೆ ಅಂತ ಹಾಡುತ್ತಿದ್ದಾರೆ ಅಂದರೆ, ಬಟ್ಟೆ ಆಮೇಲಿನದು ಅನ್ನುವುದಕ್ಕೆ ಪ್ರಾಸಕ್ಕಿಂತ ಒಳ್ಳೆಯ ಆಧಾರ ಸಿಕ್ಕಿತು. ಅದಕ್ಕೇ ಪ್ರತಿ ಪಾಠದ ತಲೆಯಲ್ಲಿ ಊರಿನ ಹೆಸರಿನ ಜೊತೆ ಹಾಡಿದವರ ತವರು ಯಾವುದು, ಪದ ಯಾರಿಂದ ಕಲಿತದ್ದು, ಹಾಡಿದ್ದೋ ಹೇಳಿ ಬರೆಸಿದ್ದೋ ಇಷ್ಟನ್ನೂ ಬರೆದಿಡಿ. ಮೇಳದಲ್ಲಿ ಹಾಡಿದ್ದರೆ, ತವರು ಕೇಳಬೇಕಾದದ್ದು ಪದ ಎತ್ತಿಕೊಡುವವರದು.